ಬೈದಿದ್ದೋ, ಸಲುಗೆಯೋ: ದಾವಣಗೆರೆಯಲ್ಲಿ ನಾನು ಕಲಿಸಿದ ರೀತಿ

ಹೊರಗಿನಿಂದ ಬಂದವರಿಗೆ ಮಾತಾಡೋ ಕನ್ನಡ ಕಲಿಸೋರಿಗೆಲ್ಲ ಈ ಪ್ರಶ್ನೆ ಬಂದೇ ಬಂದಿರುತ್ತೆ. "ಮೇಡಂ, ಅವನು ನನಗೆ ಕತ್ತೆ ಅಂದ. ಬೈದನಾ, ತಮಾಷೆ ಮಾಡಿದನಾ?" ನಾವು "ಸಂದರ್ಭ ನೋಡ್ಕೊಳ್ಳಿ" ಅಂದು ಮುಂದಿನ ಪಾಠಕ್ಕೆ ಹೋಗ್ತೀವಿ. ಆ ಸಂದರ್ಭದಲ್ಲಿ ಏನನ್ನ ನೋಡಬೇಕು ಅಂತ ಮಾತ್ರ ಯಾರೂ ಹೇಳಲ್ಲ. ನಾನು ಇದನ್ನ ಕ್ಲಾಸಿನಲ್ಲೇ ಕಲಿಸ್ತೀನಿ ಅಂದಾಗ ಜೊತೆಯ ಮೇಷ್ಟ್ರುಗಳು ಒಪ್ಪಲಿಲ್ಲ. "ಅದೆಲ್ಲ ಊರಲ್ಲಿ ಐದಾರು ವರ್ಷ ಇದ್ರೆ ತಾನಾಗೇ ಬರುತ್ತೆ, ಕಲಿಸೋದಲ್ಲ" ಅಂದ್ರು. ಈಗ ನನ್ನ ಹತ್ರ ಎರಡು ಮೂರು ತಿಂಗಳು ಕಲಿತವರು ಹತ್ತರಲ್ಲಿ ಎಂಟು ಸಲ ಸರಿಯಾಗಿ ಹೇಳ್ತಾರೆ. ಅದಕ್ಕೇ ಬರೀತಿದ್ದೀನಿ.

ಮೊದಲು ಯಾವುದು ಕೆಲಸ ಮಾಡಲಿಲ್ಲ ಅನ್ನೋದು. ಬೈಗುಳದ ಕಾರ್ಡ್ ಮಾಡಿಸಿದ್ದೆ. ಕೆಂಪು ಅಂದ್ರೆ ನಿಜವಾದ ಬೈಗುಳ, ಹಸಿರು ಅಂದ್ರೆ ಪ್ರೀತಿ, ಹಳದಿ ಅಂದ್ರೆ ಎರಡೂ ಆಗಬಹುದು. ಪ್ರಿಂಟಿಗೆ ನಾಲ್ಕು ಸಾವಿರದ ಹತ್ರ ಹೋಯ್ತು. ಕತ್ತೆ, ಕೋತಿ, ಹುಚ್ಚ, ಕಳ್ಳ, ತರ್ಲೆ, ನಾಲಾಯಕ್ ಎಲ್ಲಾ ಹಳದಿ ಗುಂಪಿಗೇ ಬಂದು ಬಿದ್ದವು. ಎಲ್ಲಾ ಹಳದಿಯಾದ ಮೇಲೆ ಕಾರ್ಡ್ ಯಾಕೆ ಬೇಕು?

ಆಮೇಲೆ ಸಿನಿಮಾ ತುಣುಕು ಹಾಕಿ ನೋಡಿದೆ. ಮೊದಲ ದಿನವೇ ಎಲ್ಲರೂ ಸರಿ ಉತ್ತರ ಕೊಟ್ರು, ಖುಷಿಯಾಯ್ತು. ಹೊರಗೆ ಹೋದ್ರೆ ಮತ್ತೆ ಅದೇ ಗೊಂದಲ. ಕಾರಣ ಹುಡುಕಿದಾಗ ಗೊತ್ತಾಗಿದ್ದು, ಸಿನಿಮಾದಲ್ಲಿ ಹಿನ್ನೆಲೆ ಸಂಗೀತವೇ ಉತ್ತರ ಹೇಳಿಬಿಡುತ್ತೆ. ಮಾತು ಅರ್ಥ ಆಗದವನಿಗೂ ಜಗಳವೋ ತಮಾಷೆಯೋ ತಿಳಿಯುತ್ತೆ. ಮಂಡಕ್ಕಿ ಅಂಗಡಿ ಮುಂದೆ ಸಂಗೀತ ಎಲ್ಲಿಂದ ಬರಬೇಕು?

ದನಿ ಏರಿದ್ರೆ ಕೋಪ ಅನ್ನೋ ಲೆಕ್ಕವೂ ನಮ್ಮೂರಲ್ಲಿ ನಡೆಯಲ್ಲ. ರಾಂ ಅಂಡ್ ಕೋ ಸರ್ಕಲ್ ಹತ್ರ ಸಂಜೆ ಒಂದು ತಾಸು ನಿಂತು ನೋಡಿ. ಕೂಗಾಡ್ತಾ ಮಾತಾಡೋರು ಬಹುತೇಕ ದೋಸ್ತಿಗಳೇ. ನಿಜವಾಗಿ ಮನಸ್ಸು ಮುರಿದವರು ಮೆಲ್ಲಗೆ ಮಾತಾಡ್ತಾರೆ.

ನನಗೆ ದಾರಿ ಸಿಕ್ಕಿದ್ದು ಒಡಿಶಾದಿಂದ ವರ್ಗವಾಗಿ ಬಂದಿದ್ದ ಒಬ್ಬ ಬ್ಯಾಂಕ್ ಆಫೀಸರ್‌ನಿಂದ. ಮನೆ ಓನರ್ ಮಗ ಅವನ ವಯಸ್ಸಿನವನೇ. ಇಬ್ಬರೂ ಬೆಳಿಗ್ಗೆ ಶಟಲ್ ಆಡ್ತಿದ್ರು. ಆ ಹುಡುಗ ಇವನನ್ನ "ಬಾರಲೇ ಕತ್ತೆ, ಟೈಮಾಯ್ತು" ಅಂತ ಕರೀತಿದ್ದ. ಇವನಿಗೆ ಅವಮಾನ ಅನ್ನಿಸಿ, ಅವರಪ್ಪನ ಹತ್ರ ಹೋಗಿ ಹೇಳಿದ. ಮರುದಿನದಿಂದ ಆ ಹುಡುಗ "ಬರ್ರಿ ಸರ್, ಆಡ್ರಿ ಸರ್" ಅನ್ನೋಕೆ ಶುರು ಮಾಡಿದ. ನನ್ನ ವಿದ್ಯಾರ್ಥಿ ಕ್ಲಾಸಿಗೆ ಬಂದು, ಈಗ ಅವನು ತುಂಬಾ ಮರ್ಯಾದೆ ಕೊಡ್ತಾನೆ ಮೇಡಂ ಅಂತ ಹೆಮ್ಮೆಯಿಂದ ಹೇಳಿದ. ನನಗೆ ಎದೆ ಧಸಕ್ ಅಂತು. ಅವನು ಸರಿಹೋಯ್ತು ಅಂದುಕೊಂಡ ದಿನವೇ ಆ ಸ್ನೇಹ ಮುರಿದಿತ್ತು, ಅದು ಅವನ ಕಿವಿಗೆ ಬಿದ್ದೇ ಇರಲಿಲ್ಲ.

ಅಂದಿನಿಂದ ಬೈಗುಳದ ಪದ ಕಲಿಸೋದನ್ನೇ ಬಿಟ್ಟೆ. ಏಕವಚನ ಬಹುವಚನ ಯಾವಾಗ ಬದಲಾಯ್ತು, ಯಾವ ಕಡೆಗೆ ಬದಲಾಯ್ತು, ವಾಪಸ್ ಬಂತಾ ಅನ್ನೋದನ್ನ ಮಾತ್ರ ಕೇಳಿಸಿಕೊಳ್ಳೋಕೆ ಹೇಳಿದೆ.

ಕಂಪನಿ ನಾಟಕಗಳಲ್ಲಿ ಪಾತ್ರ ಮಾಡಿದ್ದ ಇಬ್ಬರು ಹಿರಿಯರನ್ನೂ, ಕಾಲೇಜು ಹುಡುಗರು ನಾಲ್ಕು ಜನರನ್ನೂ ಕೂರಿಸಿ ಮಾತು ರೆಕಾರ್ಡ್ ಮಾಡಿದೆ. ಒಂದು ಸಂಜೆಗೆ ತಲಾ ಐನೂರು, ಮೇಲೆ ಮಿರ್ಚಿ, ಟೀ. ಕಾಲರ್ ಮೈಕ್ ಒಂದೂವರೆ ಸಾವಿರ. ಎಲ್ಲಾ ಸಂಜೆ ಸೇರಿ ಒಟ್ಟು ಹದಿನೈದು ಸಾವಿರ ದಾಟಿರಬೇಕು. ಅಪರಿಚಿತರ ಮಾತನ್ನ ಕದ್ದು ರೆಕಾರ್ಡ್ ಮಾಡೋ ಕೆಲಸಕ್ಕೆ ನಾನು ಹೋಗಲಿಲ್ಲ, ನೀವೂ ಹೋಗಬೇಡಿ. ಬರೆದುಕೊಟ್ಟು ಓದಿಸಿದ್ರೂ ಸತ್ತ ಮಾತು ಬರುತ್ತೆ. ಸನ್ನಿವೇಶ ಮಾತ್ರ ಹೇಳಿ ಬಿಟ್ಟೆ, ಮಾತು ಅವರದೇ.

ಒಂದು ತುಣುಕು ಹೀಗಿದೆ. ತುಂಬಾ ದಿನದ ಮೇಲೆ ಸಿಕ್ಕ ಗೆಳೆಯನಿಗೆ ಒಬ್ಬ ಹೇಳ್ತಾನೆ: "ಏನಲೇ ಕತ್ತೆ, ಎಲ್ಲಿ ಸತ್ತಿದ್ಯಲೇ ಇಷ್ಟ್ ದಿನ? ಬಾ ಕುಂದ್ರು. ಇವನಿಗೊಂದ್ ಪ್ಲೇಟ್ ಮಿರ್ಚಿ ಕೊಡ್ರಿ." ಇನ್ನೊಂದು: "ಬಿಡ್ರಿ, ತಾವು ದೊಡ್ಡೋರು. ನಮ್ಮಂಥೋರ ಜೊತೆ ಯಾಕೆ ಕುಂದ್ರತೀರಿ." ಹೊಸಬರಿಗೆ ಎರಡನ್ನೂ ಕೇಳಿಸಿದ್ರೆ ಮೊದಲನೇದು ಜಗಳ, ಎರಡನೇದು ಮರ್ಯಾದೆ ಅಂತಾರೆ. ಸತ್ತ, ಕತ್ತೆ ಅನ್ನೋ ಪದ ಹಿಡ್ಕೊಂಡು ಕೂತಿರ್ತಾರೆ. ಮೊದಲನೇದರಲ್ಲಿ ಗೆಳೆಯನಿಗೆ ಅಂದ ಏಕವಚನ ಮೊದಲಿಂದ ಕೊನೇವರೆಗೆ ಅಲ್ಲಾಡಿಲ್ಲ, ಕೊಡ್ರಿ ಅಂದಿದ್ದು ಅಂಗಡಿಯವರಿಗೆ, ಬೈದ ಬೆನ್ನಿಗೇ ಬಾ, ಕುಂದ್ರು ಅಂತ ಕರೆಯೋ ಮಾತಿದೆ. ಎರಡನೇದರಲ್ಲಿ ಲೇ ಅಂತಿದ್ದ ಗೆಳೆಯ ಬಹುವಚನಕ್ಕೆ ಏರಿದ್ದಾನೆ, ಮಾತನ್ನ ಬಿಡ್ರಿ ಅಂತ ಮುಚ್ಚಿದ್ದಾನೆ.

ಇಷ್ಟನ್ನ ಯಾರು ಬೇಕಾದ್ರೂ ಕಲಿಸ್ತಾರೆ. ಕಷ್ಟ ಇರೋದು ಮೂರನೇ ಬಗೆಯಲ್ಲಿ. ಗೆಳೆಯರು ತಮಾಷೆಗೂ ರಿ ಹಚ್ಚುತ್ತಾರೆ. "ಬರ್ರಿ ಸಾಹೇಬ್ರೆ, ಕುಂದ್ರಿ, ಏನ್ ದೊಡ್ಡ ಮನುಷ್ಯ ಆಗ್ಬಿಟ್ರಿ" ಅಂತಾರಲ್ಲ, ಅದು. ಕೇಳೋಕೆ ಕೋಪದ ರಿ ಥರಾನೇ ಇರುತ್ತೆ. ಇದಕ್ಕೆ ನಾನು ಹೇಳಿಕೊಡೋ ಪರೀಕ್ಷೆ: ಮುಂದಿನ ಎರಡು ಮೂರು ಮಾತಿನೊಳಗೆ ಏಕವಚನ ವಾಪಸ್ ಬಂತಾ? "ಬರ್ರಿ ಸಾಹೇಬ್ರೆ" ಅಂದವನು ಉಸಿರು ಎಳೆಯೋದ್ರೊಳಗೆ "ಏನ್ ತಿಂತಿ ಹೇಳು" ಅಂದ್ರೆ ಅದು ಕಿಚಾಯಿಸಿದ್ದು. ವೇಷ ಹಾಕಿದವನು ಜಾಸ್ತಿ ಹೊತ್ತು ಹಾಕ್ಕೊಂಡಿರಲ್ಲ. ನೊಂದವನು ಮಾತ್ರ ರಿ ಬಿಡೋದೇ ಇಲ್ಲ. ಟೀ ಕೇಳಿದ್ರೂ "ಕುಡೀರಿ", ಹೊರಟ್ರೂ "ಹೋಗ್ಬರ್ರಿ".

ಹೀಗಾಗಿ ತುಣುಕನ್ನ ಬೈಗುಳದ ಮಾತಿಗೇ ನಿಲ್ಲಿಸಬಾರದು. ಅದರ ಹಿಂದಿನ ಮಾತು, ಅದು, ಮುಂದಿನ ಎರಡು ಮೂರು ಮಾತು, ಇಷ್ಟೂ ಇರಬೇಕು. ಇಪ್ಪತ್ತು ಸೆಕೆಂಡಿಗಿಂತ ಚಿಕ್ಕದಾದ್ರೆ ನಮ್ಮೂರವರೇ ತಪ್ಪು ಹೇಳ್ತಾರೆ, ಪಕ್ಕದ ಮನೆಯವರಿಗೆ ಕೇಳಿಸಿ ನೋಡಿದ್ದೀನಿ. ಕೇಳಿಸೋಕೆ ಮುಂಚೆ ನಾನು ಒಂದು ಪ್ರಶ್ನೆ ಕೇಳ್ತೀನಿ, ತುಣುಕುಗಳಿಗೆ ಒಂದು ಕ್ರಮವೂ ಇದೆ. ಅವೆರಡನ್ನ ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು.

ಆ ಆಫೀಸರ್ ವಿಷಯಕ್ಕೆ ಬರ್ತೀನಿ. ಮೂರನೇ ಬಗೆಯ ತುಣುಕು ಕೇಳ್ತಾ ಕೇಳ್ತಾ ಅವನೇ ತಡೆದ. "ಮೇಡಂ, ಓನರ್ ಮಗ ಒಂದ್ಸಲಾನೂ ಏಕವಚನಕ್ಕೆ ವಾಪಸ್ ಬಂದಿಲ್ಲ" ಅಂದ. ನಾನು ಹೇಳಿಕೊಟ್ಟಿರಲಿಲ್ಲ. ಸರಿಮಾಡೋದು ಹೇಗೆ ಅಂತ ಕೇಳಿದ. ಕ್ಷಮೆ ಕೇಳೋಕೆ ಹೋಗ್ಬೇಡ, ಆಗ ಅವನು "ಅಯ್ಯೋ ಏನಿಲ್ಲ ಬಿಡ್ರಿ ಸರ್" ಅಂತ ಇನ್ನೂ ಗಟ್ಟಿ ಬಾಗಿಲು ಹಾಕ್ತಾನೆ, ಮೊದಲು ನೀನೇ ಏಕವಚನಕ್ಕೆ ಇಳಿ ಅಂದೆ. ಅವನು ಬೆಳಿಗ್ಗೆ ರ‍್ಯಾಕೆಟ್ ಹಿಡ್ಕೊಂಡು ಹೋಗಿ, "ಯಾಕೋ ರಿ ರಿ ಅಂತೀಯ, ನಾನೇನು ನಿನ್ನ ಮ್ಯಾನೇಜರಾ? ನಡಿ, ದೋಸೆ ಕೊಡಿಸ್ತೀನಿ" ಅಂದನಂತೆ. ಆ ಹುಡುಗ ಸ್ವಲ್ಪ ಹೊತ್ತು ಸುಮ್ನಿದ್ದು, "ಎರಡು ಬೆಣ್ಣೆ ದೋಸೆ ಆಗುತ್ತೆ ನೋಡಲೇ" ಅಂದ. ಕತ್ತೆ ವಾಪಸ್ ಬರೋಕೆ ಇನ್ನೊಂದು ವಾರ ಬೇಕಾಯ್ತು.

ಇದು ಗೆಳೆಯರ ಮಧ್ಯದ ಲೆಕ್ಕ. ಮೊದಲಿಂದ ಬಹುವಚನದಲ್ಲೇ ಇದ್ದವರ ಮಧ್ಯೆ ಉಲ್ಟಾ ಆಗುತ್ತೆ. ಕೌಂಟರ್‌ನಲ್ಲಿ "ಏನ್ರಿ, ಎಷ್ಟೊತ್ತು ನಿಲ್ಲಿಸ್ತೀರಿ" ಅಂತಿದ್ದ ಗಿರಾಕಿ "ಏಯ್, ಏನಂದ್ಕೊಂಡಿದ್ದೀಯ" ಅಂದ್ರೆ ಅಲ್ಲಿ ಬೈಗುಳದ ಒಂದು ಪದವೂ ಇಲ್ಲ, ಆದ್ರೂ ಅದು ಜಗಳವೇ. ಹಂಗಾಗಿ ಇಬ್ಬರೂ ಮೊದಲು ಯಾವ ಮೆಟ್ಟಿಲ ಮೇಲಿದ್ರು ಅನ್ನೋದನ್ನ ಮೊದಲು ಬರೆಸ್ತೀನಿ. ಅಜ್ಜಿಯರ ಮಾತು ಇದಕ್ಕೆ ಸೇರಲ್ಲ. "ಹಾಳಾದವನೇ, ಉಂಡ್ಯೇನೋ" ಅಂದ್ರೆ ಉಣ್ಣೋಕೆ ಹೋಗಬೇಕು, ಅಷ್ಟೇ. ಆದ್ರೆ ತಿರುಗಿ ಅಜ್ಜಿಗೆ ಅನ್ನೋ ಹಾಗಿಲ್ಲ. ಕಲಿಯೋರಿಗೆ ಕಿವಿ ಕೊಡ್ತೀನಿ, ಬಾಯಿ ಕೊಡಲ್ಲ. ಅವರಾಗೇ ಲೇ ಅನ್ನೋದು, ಎದುರಿನವನು ತಿಂಗಳುಗಟ್ಟಲೆ ಅಂದ ಮೇಲೆ ಮಾತ್ರ.

ಎರಡು ವಿಷಯಕ್ಕೆ ಈ ಪರೀಕ್ಷೆ ಹಚ್ಚಲೇಬಾರದು. ಅವ್ವನನ್ನ ಹಿಡಿದು ಅನ್ನೋ ಮಾತು ಕೆಲವು ಹುಡುಗರ ಗುಂಪಲ್ಲಿ ಸಲುಗೆಯಂತೆ ಓಡಾಡುತ್ತೆ, ಹೊಸಬ ಅದರ ಹತ್ರ ಹೋಗಬಾರದು. ಜಾತಿ ಹೆಸರನ್ನ ಬೈಗುಳವಾಗಿ ಬಳಸಿದ್ರೆ ಏಕವಚನ ವಾಪಸ್ ಬಂದ್ರೂ ಅದು ಅವಮಾನವೇ. ಪರಿಶಿಷ್ಟ ಜಾತಿ, ಪಂಗಡದವರಿಗೆ ಹಂಗಂದ್ರೆ 1989ರ ದೌರ್ಜನ್ಯ ತಡೆ ಕಾಯ್ದೆಯೇ ಇದೆ. ಕೇಳಿಸಿಕೊಂಡ ಪದವನ್ನ ನಗ್ತಾ ತಿರುಗಿ ಹೇಳೋ ಅಭ್ಯಾಸ ಕಲಿಯೋರಿಗೆ ಇರುತ್ತಲ್ಲ, ಆ ಕಾರಣಕ್ಕೆ ಇದನ್ನ ಮೊದಲ ದಿನವೇ ಕಡ್ಡಿ ಮುರಿದ ಹಾಗೆ ಹೇಳ್ತೀನಿ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಫೋನಿನ ಮಾತಲ್ಲಿ ಮುಖ ಕಾಣಲ್ಲ, ಆದ್ರೂ ಪರೀಕ್ಷೆ ಚೆನ್ನಾಗೇ ನಿಲ್ಲುತ್ತೆ. ವಾಟ್ಸಾಪ್ ಸಂದೇಶದಲ್ಲಿ ಕೆಟ್ಟುಹೋಯ್ತು, ಅರ್ಧಕ್ಕರ್ಧ ತಪ್ಪು. ಅಲ್ಲಿ ಜನ ಒಂದೇ ಸಾಲು ಬರೆದು ಬಿಟ್ಟುಬಿಡ್ತಾರೆ, ವಾಪಸ್ ಬರೋಕೆ ಮುಂದಿನ ಮಾತೇ ಇರಲ್ಲ. "ಆಯ್ತು ಬಿಡ್ರಿ" ಅಂತ ಬಂದ್ರೆ ತೀರ್ಮಾನ ಮಾಡ್ಬೇಡಿ, ಫೋನ್ ಮಾಡಿ ಅಂತ ಹೇಳ್ತೀನಿ.

ಇನ್ನೊಂದು ಮಿತಿ ಊರಿನದು. ನನ್ನ ತುಣುಕುಗಳನ್ನ ಚಿತ್ರದುರ್ಗದ ಗೆಳತಿ ಹಂಗೇ ಬಳಸಿದ್ಲು, ತೊಂದರೆ ಬರಲಿಲ್ಲ. ಮಂಗಳೂರಿಗೆ ವರ್ಗವಾದ ಒಬ್ಬ ವಿದ್ಯಾರ್ಥಿ ಮಾತ್ರ, ಇಲ್ಲಿ ದೋಸ್ತಿಗಳೂ ನೀವು ಅಂತಾರೆ, ಎಲ್ಲರೂ ನನ್ನ ಮೇಲೆ ಸಿಟ್ಟಾಗಿದ್ದಾರಾ ಅಂತ ಫೋನ್ ಮಾಡಿ ಕೇಳಿದ. ಆ ಕಡೆ ಬಹುವಚನವೇ ದಿನದ ಮಾತು, ಮೆಟ್ಟಿಲೇ ಬೇರೆ. ಆ ಊರಿನವರನ್ನೇ ಕೂರಿಸಿ ಹೊಸದಾಗಿ ರೆಕಾರ್ಡ್ ಮಾಡಬೇಕು. ಈಗಿನ ರೇಟಿಗೆ ಇಪ್ಪತ್ತು ಸಾವಿರ ಇಟ್ಕೊಂಡು ಹೊರಡಿ.