ರಾಗಿಗೆ ಒಂದು ದಾರಿ, ಮುಸುಕಿನ ಜೋಳಕ್ಕೆ ಇನ್ನೊಂದು: ಬೀಜ ಆರಿಸುವಾಗ ನಾನು ಕಂಡದ್ದು

ರಾಗಿ ಹೊಲದಲ್ಲಿ ನಿಜವಾಗಿಯೂ ಒಳ್ಳೆಯ ಗಿಡ ಒಂದು ಸಿಕ್ಕರೆ, ಒಂದು ತಳಿಯೇ ಕೈಗೆ ಸಿಕ್ಕ ಹಾಗೆ. ಅದರ ಕಾಳು ಬಿತ್ತಿದರೆ ಮುಂದಿನ ವರ್ಷ ಅದೇ ಗಿಡ ಸಾಲುಸಾಲಾಗಿ ನಿಲ್ಲುತ್ತದೆ. ಮುಸುಕಿನ ಜೋಳದಲ್ಲಿ ಹಾಗಲ್ಲ. ಅಲ್ಲಿ ಒಳ್ಳೆಯ ತೆನೆ ಸಿಕ್ಕಿತು ಅಂದರೆ ಗೊತ್ತಾಗುವುದು ತಾಯಿ ಯಾರು ಅನ್ನುವುದು ಮಾತ್ರ. ತಂದೆ ಯಾರು ಅಂತ ಗಾಳಿಯನ್ನೇ ಕೇಳಬೇಕು. ಎರಡೂ ಬೆಳೆಯಲ್ಲಿ ನಾನು ಬೀಜದ ಕೆಲಸ ಮಾಡಿದ್ದೇನೆ. ಒಂದರಲ್ಲಿ ಕಲಿತ ಕೈಚಳಕ ಇನ್ನೊಂದರಲ್ಲಿ ಯಾಕೆ ನಡೆಯುವುದಿಲ್ಲ ಅಂತ ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ರಾಗಿ. ಇದರ ಹೂ ಅರಳುವುದು ನಡುರಾತ್ರಿ ಕಳೆದ ಮೇಲೆ, ಬೆಳಕು ಹರಿಯುವುದರೊಳಗೆ. ಹೂ ಪೂರ್ತಿ ಬಾಯಿ ಬಿಡುವ ಹೊತ್ತಿಗೆ ಅದರದೇ ಪರಾಗ ಅದರದೇ ಹೆಣ್ಣು ಭಾಗದ ಮೇಲೆ ಬಿದ್ದು ಕೆಲಸ ಮುಗಿದಿರುತ್ತದೆ. ಹೊರಗಿನ ಪರಾಗಕ್ಕೆ ಅವಕಾಶ ಸಿಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಇದನ್ನೇ ಸ್ವಕೀಯ ಪರಾಗಸ್ಪರ್ಶ ಅನ್ನುವುದು. ಹೀಗೆ ತಲೆಮಾರುಗಟ್ಟಲೆ ತನ್ನೊಳಗೇ ಕೂಡಿ ಬಂದ ಗಿಡದಲ್ಲಿ ಬೇರೆಬೇರೆ ಗುಣದ ಜೋಡಿಗಳು ಉಳಿದಿರುವುದಿಲ್ಲ. ಅದಕ್ಕೇ ಮಕ್ಕಳೆಲ್ಲ ತಾಯಿಯ ಹಾಗೆ.

ಹಳೆಯ ನಾಟಿ ರಾಗಿಯಲ್ಲಾದರೆ ಆರಿಸುವುದು ಸುಲಭ. ಒಳ್ಳೆಯ ತೆನೆಗಳನ್ನು ಕೊಯ್ದು, ಒಂದೊಂದು ತೆನೆಯ ಕಾಳನ್ನೂ ಒಂದೊಂದು ಸಾಲಾಗಿ ಹಾಕಿ, ಒಳ್ಳೆ ಸಾಲನ್ನು ಇಟ್ಟುಕೊಂಡರೆ ಆಯಿತು. ಆದರೆ ಈ ದಾರಿಗೆ ಒಂದು ಮಿತಿ ಇದೆ. ಹೊಲದಲ್ಲಿ ಇರುವುದನ್ನು ಬೇರ್ಪಡಿಸಬಹುದೇ ಹೊರತು ಇಲ್ಲದ್ದನ್ನು ತರುವುದಕ್ಕೆ ಆಗುವುದಿಲ್ಲ. ಹಾಗೆ ಬೇರ್ಪಡಿಸಿದ ಸಾಲಿನೊಳಗೆ ಮತ್ತೆ ಆರಿಸುತ್ತಾ ಕೂತರೂ ಪ್ರಯೋಜನ ಇಲ್ಲ. ಅಲ್ಲಿ ಕಾಣುವ ದಪ್ಪ ತೆನೆ, ಸಣ್ಣ ತೆನೆ ಎಲ್ಲ ಗೊಬ್ಬರ ನೀರಿನ ವ್ಯತ್ಯಾಸ. ಅದು ಬೀಜಕ್ಕೆ ಇಳಿಯುವುದಿಲ್ಲ. 1903ರಲ್ಲಿ ಡೆನ್ಮಾರ್ಕಿನ ಯೊಹಾನ್ಸೆನ್ ಬೀನ್ಸ್ ಬೀಜ ತೂಗಿ ತೂಗಿ ತೋರಿಸಿದ್ದು ಇದನ್ನೇ.

ಹೊಸದು ಬೇಕಾದರೆ ಎರಡು ರಾಗಿಯನ್ನು ಕೂಡಿಸಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ತೆಗೆದರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ಇವತ್ತು ಎಲ್ಲೆಡೆ ಕಾಣುವ ಜಿಪಿಯು-28ರ ಹಿಂದೆಯೂ ಇಂಡಾಫ್ ಮೂಲ ಇದೆ. ಹೇಳುವುದು ಸುಲಭ, ಆದರೆ ರಾಗಿ ಹೂ ಎಷ್ಟು ಚಿಕ್ಕದು ಅಂತ ಹತ್ತಿರದಿಂದ ನೋಡಿದವರಿಗೇ ಗೊತ್ತು. ಚಿಮಟದಲ್ಲಿ ಪರಾಗಕೋಶ ಕೀಳಲು ಹೋದರೆ ಹೂವೇ ಹರಿದು ಬರುತ್ತದೆ.

ನಾನು ಜಾಸ್ತಿ ಬಳಸಿದ್ದು ತೆನೆಗೆ ತೆನೆ ಕಟ್ಟುವ ವಿಧಾನ. ತೆನೆ ಆಗಷ್ಟೇ ಹೊರಬರುತ್ತಿರುವಾಗ, ಇನ್ನೂ ಒಂದು ಹೂವೂ ಅರಳದೆ ಇರುವಾಗ, ತಾಯಿ ತೆನೆಯ ಬೆರಳುಗಳ ನಡುವೆ ತಂದೆ ತೆನೆಯ ಬೆರಳುಗಳನ್ನು ಹೆಣೆದು ದಾರದಿಂದ ಸಡಿಲವಾಗಿ ಕಟ್ಟುತ್ತೇನೆ. ಮೇಲೆ ಬಟರ್ ಪೇಪರ್ ಚೀಲ. ಒಂದು ತೆನೆಯ ಹೂಗಳೆಲ್ಲ ಅರಳಿ ಮುಗಿಯುವುದಕ್ಕೆ ಒಂದು ವಾರ ಬೇಕು, ಅಷ್ಟು ದಿನವೂ ಬೆಳಗಿನ ಜಾವ ಚೀಲವನ್ನು ಮೆಲ್ಲಗೆ ಅಲ್ಲಾಡಿಸುತ್ತೇನೆ. ಇಷ್ಟೆಲ್ಲ ಮಾಡಿದರೂ ತಾಯಿ ತೆನೆಯ ಸಾವಿರಾರು ಕಾಳಿನಲ್ಲಿ ನಿಜವಾಗಿ ಕೂಡಿದ್ದು ಬೆರಳೆಣಿಕೆ. ಮಿಕ್ಕದ್ದೆಲ್ಲ ತನ್ನದೇ ಪರಾಗದ ಕಾಳು.

ಹಾಗಾದರೆ ಆ ಬೆರಳೆಣಿಕೆಯ ಕಾಳನ್ನು ಹುಡುಕುವುದು ಹೇಗೆ? ಬಣ್ಣ ನೋಡಿ. ತಾಯಿ ಹಸಿರು ಗಿಣ್ಣಿನದು, ತಂದೆ ನೇರಳೆ ಗಿಣ್ಣಿನದು ಇರುವ ಹಾಗೆ ಮೊದಲೇ ಆರಿಸಿಕೊಳ್ಳಬೇಕು. ನೇರಳೆ ಮೇಲುಗೈ ಗುಣ. ತಾಯಿ ತೆನೆಯ ಕಾಳನ್ನೆಲ್ಲ ಬಿತ್ತಿ, ಗಿಡ ಗಿಣ್ಣು ಬಿಡುವಾಗ ಸಾಲಿನಲ್ಲಿ ಬಗ್ಗಿ ಎಲೆಯ ಬುಡ ಸರಿಸಿ ನೋಡುತ್ತಾ ಹೋಗುತ್ತೇನೆ. ಹಸಿರು, ಹಸಿರು, ಹಸಿರು, ನಡುವೆ ಒಂದು ನೇರಳೆ. ಅದಕ್ಕೆ ಕಡ್ಡಿ ನೆಟ್ಟು ಗುರುತು. ಬಣ್ಣ ಅದಲುಬದಲಾಗಿ, ತಾಯಿಯೇ ನೇರಳೆ ಆಗಿದ್ದರೆ ಮಕ್ಕಳೆಲ್ಲ ನೇರಳೆಯಾಗಿ ಗುರುತೇ ಸಿಗುವುದಿಲ್ಲ.

ಇನ್ನೊಂದು ದಾರಿ ಬಿಸಿನೀರು. ಹೂ ಅರಳುವ ಮುಂಚೆ ಗಿಡದಲ್ಲಿರುವ ತೆನೆಯನ್ನೇ ಬಗ್ಗಿಸಿ 52 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 2 ನಿಮಿಷ ಮುಳುಗಿಸಿದರೆ ಪರಾಗ ಸಾಯುತ್ತದೆ, ಹೆಣ್ಣು ಭಾಗ ಉಳಿಯುತ್ತದೆ. ಥರ್ಮಾಸ್ ಫ್ಲಾಸ್ಕ್, ಥರ್ಮಾಮೀಟರ್ ಎರಡೂ ಬೇಕು. ಜೊತೆಗೆ ಒಂದೆರಡು ತೆನೆಗಳನ್ನು ಬಿಸಿನೀರಿಗೆ ಅದ್ದಿ, ಪರಾಗ ಕೊಡದೆ ಸುಮ್ನೆ ಚೀಲ ಕಟ್ಟಿ ಬಿಡಬೇಕು. ಅವುಗಳಲ್ಲಿ ಕಾಳು ಕಟ್ಟಿದರೆ ಬಿಸಿ ಸಾಲಲಿಲ್ಲ ಅಂತ ಅರ್ಥ. ಪರಾಗ ಕೊಟ್ಟ ತೆನೆಯಲ್ಲೂ ಕಾಳಿಲ್ಲದೆ ಹೋದರೆ ಬಿಸಿ ಜಾಸ್ತಿ ಆಯಿತು ಅಂತ ಅನುಮಾನ ಪಡಬೇಕು.

ರಾಗಿಯಲ್ಲಿ ಒಂದು ಅನುಕೂಲ ಏನೆಂದರೆ, ನಿಜವಾದ ಸಂಕರದ ಗಿಡ ಒಂದೇ ಸಿಕ್ಕರೂ ಸಾಕು. ಅದರ ತೆನೆಗಳಿಂದಲೇ ಸಾವಿರಾರು ಕಾಳು ಬರುತ್ತದೆ. ಮುಂದಿನ ಹಂಗಾಮಿನಲ್ಲಿ ಅದನ್ನೆಲ್ಲ ಗಿಡದಿಂದ ಗಿಡಕ್ಕೆ ಅಂತರ ಕೊಟ್ಟು ನೆಟ್ಟರೆ ಎರಡು ಕಡೆಯ ಗುಣಗಳೂ ಕಲಸಿ ಹೊರಬರುತ್ತವೆ. ಎತ್ತರ, ಕುಳ್ಳ, ಬೆರಳು ಮುಚ್ಚಿದ್ದು, ಬಿಚ್ಚಿದ್ದು, ಬೇಗ ಬರುವುದು, ತಡವಾಗುವುದು, ಎಲ್ಲವೂ ಒಂದೇ ತಾಕಿನಲ್ಲಿ. ಈ ಹಂತದಲ್ಲಿ ನಾನು ಇಳುವರಿ ನೋಡುವುದಿಲ್ಲ. ಒಂಟಿ ಗಿಡದ ಇಳುವರಿ ನಂಬುವಂಥದ್ದಲ್ಲ. ಕುತ್ತಿಗೆ ಬೆಂಕಿ ರೋಗ ಬಂದ ಗಿಡ, ಬೀಳುವ ಗಿಡ, ತೀರಾ ತಡವಾಗುವ ಗಿಡ ಬಿಟ್ಟು ಉಳಿದವುಗಳಲ್ಲಿ ಆರಿಸುತ್ತೇನೆ. ಆರಿಸಿದ ಗಿಡಕ್ಕೆ ಒಂದು ಸಾಲು. ಆ ಸಾಲಿನಲ್ಲಿ ಮತ್ತೆ ಆರಿಸಿ, ಮತ್ತೆ ಸಾಲು.

ಪ್ರತಿ ತಲೆಮಾರಿಗೂ ಬೆರಕೆ ಜೋಡಿಗಳು ಅರ್ಧಕ್ಕೆ ಇಳಿಯುತ್ತವೆ. ಎರಡನೇ ತಲೆಮಾರಿನಲ್ಲಿ ನೂರಕ್ಕೆ 50, ಮೂರರಲ್ಲಿ 25, ನಾಲ್ಕರಲ್ಲಿ ಹನ್ನೆರಡೂವರೆ, ಆರನೆಯದರಲ್ಲಿ ಸುಮಾರು 3. ಇದಕ್ಕೆ ನಾವು ಏನೂ ಮಾಡಬೇಕಾಗಿಲ್ಲ, ಚೀಲ ಕಟ್ಟಬೇಕಾಗಿಲ್ಲ. ಹೂವೇ ಮಾಡಿಕೊಳ್ಳುತ್ತದೆ. ಸಾಲಿನ ಗಿಡಗಳೆಲ್ಲ ಎರಡು ಮೂರು ದಿನದೊಳಗೆ ತೆನೆ ಹಾಕಿ, ಎತ್ತರದಲ್ಲಿ ಒಂದೇ ಸಮ ನಿಂತರೆ ಆಗ ಆ ಸಾಲನ್ನು ಒಟ್ಟಿಗೆ ಕೊಯ್ದು ಇಳುವರಿ ಪರೀಕ್ಷೆಗೆ ಹಾಕುತ್ತೇನೆ.

ಈಗ ಮುಸುಕಿನ ಜೋಳಕ್ಕೆ ಬರೋಣ. ಗಂಡು ಹೂ ಗಿಡದ ತುದಿಯಲ್ಲಿ, ಹೆಣ್ಣು ತೆನೆ ಸೊಂಟದಲ್ಲಿ. ತೆನೆಯ ಕೂದಲು ಹೊರಬರುವುದಕ್ಕೆ ಎರಡು ಮೂರು ದಿನ ಮೊದಲೇ ಅದೇ ಗಿಡದ ಗಂಡು ಹೂ ಪರಾಗ ಸುರಿಸಲು ಶುರು ಮಾಡಿರುತ್ತದೆ. ಹಾಗಾಗಿ ಕೂದಲಿಗೆ ಅಂಟುವುದು ಹೆಚ್ಚಾಗಿ ಪಕ್ಕದ ಗಿಡಗಳದ್ದು. ಒಂದೊಂದು ಕೂದಲೂ ಒಂದೊಂದು ಕಾಳು. ಒಂದೇ ತೆನೆಯ ಕಾಳುಗಳಿಗೆ ಹತ್ತಾರು ತಂದೆಯರು ಇರಬಹುದು.

"ಅಣ್ಣಾ, ರಾಗೀಲಿ ಮಾಡ್ದಂಗೆ ಇದ್ರಲ್ಲೂ ಒಂದ್ ಒಳ್ಳೆ ತೆನೆ ಹಿಡ್ಕೊಂಡು ಹೋದ್ರೆ ಆಗಲ್ವಾ?" ಅಂತ ಪಕ್ಕದ ಹೊಲದ ಹುಡುಗ ಕೇಳಿದ. ಬಾಯಲ್ಲಿ ಹೇಳುವುದಕ್ಕಿಂತ ಬೆಳೆದು ತೋರಿಸುವುದೇ ವಾಸಿ ಅನ್ನಿಸಿತು. ಕೂದಲು ಹೊರಬರುವ ಮೊದಲು ತೆನೆಗೆ ಚೀಲ, ಗಂಡು ಹೂವಿಗೂ ಚೀಲ. ಕೂದಲು ಬಂದ ಮೇಲೆ ಆ ಗಿಡದ ಪರಾಗವನ್ನೇ ಅದರ ತೆನೆಗೆ ಕೊಟ್ಟು ಮತ್ತೆ ಚೀಲ. ಹೀಗೆ ತಲೆಮಾರಿನಿಂದ ತಲೆಮಾರಿಗೆ ಮಾಡುತ್ತಾ ಬಂದಾಗ ಗಿಡ ಕುಗ್ಗುತ್ತಾ ಹೋಯಿತು. ತೆನೆ ಗೇಣುದ್ದವೂ ಇಲ್ಲ. ಕೆಲವು ಸಾಲಿನಲ್ಲಿ ಹುಟ್ಟುವಾಗಲೇ ಬಿಳಿಚಿದ ಸಸಿಗಳು, ವಾರದಲ್ಲಿ ಸತ್ತವು. ರಾಗಿಗೆ ಇಂಥ ಕೆಟ್ಟ ಗುಣಗಳು ಎಂದೋ ಹೊರಬಿದ್ದು ತೊಲಗಿವೆ. ಜೋಳದಲ್ಲಿ ಅವು ಒಳ್ಳೆ ಜೋಡಿಯ ಮರೆಯಲ್ಲಿ ಅಡಗಿರುತ್ತವೆ, ತನ್ನೊಳಗೇ ಕೂಡಿಸಿದಾಗ ಹೊರಗೆ ಬರುತ್ತವೆ. ಆದರೆ ಹೀಗೆ ಸೊರಗಿದ ಬೇರೆಬೇರೆ ಮೂಲದ ಎರಡು ಸಾಲನ್ನು ಕೂಡಿಸಿದಾಗ ಆಳೆತ್ತರ ಮೀರಿದ ಗಿಡಗಳು ಎದ್ದವು. 1908ರಲ್ಲಿ ಅಮೆರಿಕದಲ್ಲಿ ಶಲ್ ಬರೆದದ್ದು ಇದೇ ಸಂಗತಿ. ಹೈಬ್ರಿಡ್ ಜೋಳದ ವ್ಯಾಪಾರ ನಿಂತಿರುವುದು ಇದರ ಮೇಲೆ.

ಬೀಜ ಮಾಡುವುದೂ ಇಲ್ಲಿ ಸುಲಭ. ನಾಲ್ಕು ಸಾಲು ಹೆಣ್ಣು, ಎರಡು ಸಾಲು ಗಂಡು ಬಿತ್ತಿ, ಹೆಣ್ಣು ಸಾಲಿನ ಗಂಡು ಹೂ ಕಿತ್ತು ಹಾಕಿದರೆ ಆ ಸಾಲುಗಳ ಕಾಳೆಲ್ಲ ಹೈಬ್ರಿಡ್. ರಾಣೆಬೆನ್ನೂರಿನ ಕಡೆ ಬೀಜದ ತಾಕುಗಳಲ್ಲಿ ಕೂಲಿಯವರು ಹೀಗೆ ಹೂ ಕೀಳುವುದನ್ನು ನೋಡಿರಬಹುದು. ರಾಗಿಯಲ್ಲಿ ಇಂಥದ್ದು ಆಗದು. ಅಲ್ಲಿ ಗಂಡು ಹೆಣ್ಣು ಎರಡೂ ಒಂದೇ ಚಿಕ್ಕ ಹೂವಿನೊಳಗೆ.

ಹೈಬ್ರಿಡ್ ಬೇಡ, ಬೀಜ ಮನೆಯಲ್ಲೇ ಇಟ್ಟುಕೊಳ್ಳಬೇಕು ಅನ್ನುವವರಿಗೆ ನಾನು ಹೇಳುವುದು ಗುಂಪನ್ನೇ ಸುಧಾರಿಸುವ ದಾರಿ. ನನ್ನದು ಬಿಳಿ ಕಾಳಿನ ನಾಟಿ ಜೋಳ. 20 ಮೀಟರ್ ಉದ್ದ, ಅಷ್ಟೇ ಅಗಲದ ತಾಕನ್ನು ಹಗ್ಗ ಎಳೆದು 16 ಚೌಕ ಮಾಡುತ್ತೇನೆ. ಪ್ರತಿ ಚೌಕದಲ್ಲೂ ಚೆನ್ನಾಗಿರುವ ಹತ್ತು ಗಿಡ ಆರಿಸುತ್ತೇನೆ, ಒಟ್ಟು 160 ತೆನೆ. ಚೌಕ ಯಾಕೆ ಅಂದರೆ, ಹೊಲವೆಲ್ಲ ಓಡಾಡಿ ದಪ್ಪ ತೆನೆ ಕಿತ್ತರೆ ತಿಪ್ಪೆ ಕಡೆಯ ಗಿಡಗಳೇ ಬುಟ್ಟಿ ತುಂಬುತ್ತವೆ. ಅದು ಗೊಬ್ಬರವನ್ನು ಆರಿಸಿದ ಹಾಗೆ. ಪ್ರತಿ ತೆನೆಯಿಂದ ಸಮನಾಗಿ ಕಾಳು ತೆಗೆದು ಬೆರೆಸುತ್ತೇನೆ. ನಾಲ್ಕೈದು ತೆನೆಯ ಬೀಜದಲ್ಲೇ ಮುಂದುವರಿದರೆ ಕೆಲವು ವರ್ಷದಲ್ಲಿ ಆ ಚೀಲದೊಳಗಿನ ಜೋಳದ ಹಾಗೇ ಇಡೀ ತಾಕು ಸೊರಗುತ್ತದೆ.

ಇದಕ್ಕಿಂತ ಮುಖ್ಯವಾದ ಕೆಲಸ ಕೊಯ್ಲಿಗೆ ಬಹಳ ಮುಂಚೆಯೇ ಇದೆ. ಗಂಡು ಹೂ ಪರಾಗ ಸುರಿಸುವ ಮೊದಲೇ ಸೊರಗಿದ, ರೋಗದ, ವಾಲಿದ ಗಿಡಗಳ ಗಂಡು ಹೂ ಕಿತ್ತು ಹಾಕಬೇಕು. ಕೊಯ್ಲಿನಲ್ಲಿ ಮಾತ್ರ ಆರಿಸಿದರೆ ತಾಯಿಯನ್ನಷ್ಟೇ ಆರಿಸಿದ ಹಾಗೆ. ಕೆಟ್ಟ ಗಿಡ ಅಷ್ಟು ಹೊತ್ತಿಗೆ ಒಳ್ಳೆಯ ತೆನೆಗಳಿಗೆಲ್ಲ ತಂದೆಯಾಗಿ ಮುಗಿಸಿರುತ್ತದೆ.

ಸುತ್ತಲೂ ಹಳದಿ ಹೈಬ್ರಿಡ್ ಇರುವುದರಿಂದ ನಾನು ಒಂದು ತಿಂಗಳು ಹಿಂದೆ ಮುಂದೆ ಬಿತ್ತುತ್ತೇನೆ. 200 ಮೀಟರ್‌ಗಿಂತ ಜಾಸ್ತಿ ದೂರ ಸಿಗುವವರಿಗೆ ಇದು ಬೇಕಾಗದೇ ಇರಬಹುದು. ಬೆರಕೆ ಆಯಿತೋ ಇಲ್ಲವೋ ಅಂತ ಬಿಳಿ ಜೋಳವೇ ಹೇಳುತ್ತದೆ. ಹಳದಿ ಬಣ್ಣ ತಂದೆಯಿಂದ ಬಂದರೂ ಅದೇ ವರ್ಷ ಅದೇ ಕಾಳಿನಲ್ಲಿ ಕಾಣುತ್ತದೆ. ಸಿಪ್ಪೆ ಸುಲಿದಾಗ ಬಿಳಿ ತೆನೆಯಲ್ಲಿ ಅಲ್ಲೊಂದು ಇಲ್ಲೊಂದು ಹಳದಿ ಕಾಳು ಕಂಡರೆ, ಅಷ್ಟು ಕೂದಲಿಗೆ ಹೊರಗಿನ ಪರಾಗ ಬಿದ್ದಿದೆ. ಹೆಚ್ಚಾಗಿ ಅಂಚಿನ ಸಾಲುಗಳಲ್ಲೇ ಸಿಗುತ್ತದೆ. ಅಂಚಿನ ತೆನೆಗಳನ್ನು ನಾನು ಬೀಜಕ್ಕೆ ತೆಗೆಯುವುದೇ ಇಲ್ಲ.

ತೊಗರಿ ಇವೆರಡರ ನಡುವಿನದು. ಮೊಗ್ಗಿನಲ್ಲೇ ತನ್ನ ಪರಾಗ ತಾನು ತೆಗೆದುಕೊಳ್ಳುತ್ತದೆ, ಆದರೂ ಜೇನು ಬಂದರೆ ಬೆರಕೆ ಆಗುತ್ತದೆ. ಎಷ್ಟು ಅನ್ನುವುದು ಆ ಜಾಗದ ಹುಳುಗಳ ಮೇಲೆ. ರಾಗಿಯ ಹಾಗೆ ಗಿಡಕ್ಕೊಂದು ಸಾಲು ಮಾಡಬಹುದು, ಆದರೆ ಆರಿಸಿದ ಗಿಡದ ಕೊಂಬೆಗಳಿಗೆ ಹೂ ಅರಳುವ ಮೊದಲೇ ನೈಲಾನ್ ಪರದೆಯ ಚೀಲ ಕಟ್ಟಿ, ಚೀಲದೊಳಗಿನ ಕಾಯಿಗಳನ್ನೇ ಬೀಜಕ್ಕೆ ಇಡಬೇಕು. ಚೀಲದ ಹೊರಗಿನ ಕಾಯಿ ಬೇಳೆಗೆ.