ಮೊದಲು ಮಾಡ್ 2, ಆಮೇಲೆ ಉಳಿದದ್ದು

ಬದಿಯಡ್ಕದ ನಮ್ಮ ಮನೆಗೆ ಸಂಜೆ ಹೊತ್ತು ಪಾಠಕ್ಕೆ ಬರುವ ಎಂಎಸ್ಸಿ ಮಕ್ಕಳಿಗೆ ನಾನು ಒಂದು ಬಹುಪದೋಕ್ತಿ ಕೊಡುತ್ತೇನೆ: x⁴ − 6x³ + 4x² + 3x + 15. ಇದು ಭಾಗಲಬ್ಧ ಸಂಖ್ಯೆಗಳ ಮೇಲೆ ಇರೆಡ್ಯೂಸಿಬಲ್ ಹೌದಾ, ಅಲ್ವಾ? ಅಂದರೆ ಇದಕ್ಕಿಂತ ಕಡಿಮೆ ಡಿಗ್ರಿಯ ಎರಡು ಬಹುಪದೋಕ್ತಿಗಳ ಗುಣಲಬ್ಧವಾಗಿ ಇದನ್ನು ಒಡೆಯಲಿಕ್ಕೆ ಆಗುತ್ತದಾ?

ಹೆಚ್ಚಿನವರು ಕೂಡಲೇ ಮೂಲ ಹುಡುಕಲಿಕ್ಕೆ ಹೊರಡುತ್ತಾರೆ. ±1, ±3, ±5, ±15 ಎಲ್ಲ ಹಾಕಿ ನೋಡಿ, ಯಾವುದೂ ಸೊನ್ನೆ ಬರಲಿಲ್ಲ ಎಂದಾದ ಮೇಲೆ "ಇರೆಡ್ಯೂಸಿಬಲ್, ಟೀಚರ್" ಎನ್ನುತ್ತಾರೆ. ಉತ್ತರ ಸರಿ, ಕಾರಣ ಸರಿಯಲ್ಲ. ಡಿಗ್ರಿ ಎರಡು ಅಥವಾ ಮೂರಾದರೆ ಮೂಲ ಇಲ್ಲ ಎಂದರೆ ಸಾಕು. ನಾಲ್ಕಕ್ಕೆ ಬಂದಾಗ ಅದು ಎರಡು ವರ್ಗ ಬಹುಪದೋಕ್ತಿಗಳಾಗಿ ಒಡೆಯಬಹುದು. x⁴ + 4ನ್ನೇ ನೋಡಿ. ಅದಕ್ಕೆ ವಾಸ್ತವ ಮೂಲವೇ ಇಲ್ಲ, ಆದರೂ ಅದು (x² + 2x + 2)(x² − 2x + 2).

ನಾನು ಮೊದಲು ಮಾಡುವುದು ಇಷ್ಟೇ. ಸಹಗುಣಕಗಳನ್ನೆಲ್ಲ 2ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳುತ್ತೇನೆ. ಸಮ ಸಂಖ್ಯೆಗಳು ಹಾರಿಹೋಗುತ್ತವೆ, ಬೆಸಗಳು 1 ಆಗುತ್ತವೆ. ನಮ್ಮ ಬಹುಪದೋಕ್ತಿ x⁴ + x + 1 ಆಯಿತು. ಈಗ ಲೆಕ್ಕ 0 ಮತ್ತು 1ರ ಲೋಕದಲ್ಲಿ, ಇಲ್ಲಿ 1 + 1 = 0. x = 0 ಹಾಕಿದರೆ 1, x = 1 ಹಾಕಿದರೂ 1. ಹಾಗಾಗಿ ಡಿಗ್ರಿ ಒಂದರ ಅಪವರ್ತನ ಇಲ್ಲ. ಡಿಗ್ರಿ ಎರಡರದ್ದೋ? ಈ ಲೋಕದಲ್ಲಿ ಒಡೆಯದ ವರ್ಗ ಬಹುಪದೋಕ್ತಿ ಒಂದೇ ಒಂದು: x² + x + 1. ಹಾಗಾದರೆ ಉಳಿದ ದಾರಿ ಅದರ ವರ್ಗ ಮಾತ್ರ, ಅದು x⁴ + x² + 1. ನಮ್ಮದು ಅದಲ್ಲ. ಮುಗಿಯಿತು, ಮಾಡ್ 2ರಲ್ಲಿ ಇದು ಒಡೆಯುವುದಿಲ್ಲ.

ಇದರಿಂದ ಭಾಗಲಬ್ಧ ಸಂಖ್ಯೆಗಳ ಮೇಲೂ ಒಡೆಯುವುದಿಲ್ಲ ಎಂದು ಹೇಳುವುದು ಹೇಗೆ? ಇಲ್ಲಿ ಗಾಸ್‌ನ ಲೆಮ್ಮಾ ಬೇಕು. ಪೂರ್ಣಾಂಕ ಸಹಗುಣಕಗಳ ಬಹುಪದೋಕ್ತಿ ಭಾಗಲಬ್ಧಗಳ ಮೇಲೆ ಒಡೆದರೆ, ಅದೇ ಡಿಗ್ರಿಗಳಲ್ಲಿ ಪೂರ್ಣಾಂಕಗಳ ಮೇಲೂ ಒಡೆಯುತ್ತದೆ. ಪೂರ್ಣಾಂಕಗಳ ಮೇಲೆ ಒಡೆದರೆ ಆ ತುಂಡುಗಳನ್ನು ಮಾಡ್ 2ಕ್ಕೆ ಇಳಿಸಬಹುದು. ಮೊದಲ ಸಹಗುಣಕ 1 ಆದ್ದರಿಂದ ತುಂಡುಗಳ ಡಿಗ್ರಿ ಕುಗ್ಗುವುದಿಲ್ಲ. ಆಗ ಮಾಡ್ 2ರಲ್ಲೂ ಅದು ಒಡೆಯಬೇಕಿತ್ತು. ಒಡೆಯಲಿಲ್ಲ. ಮೊದಲ ಸಹಗುಣಕ ಸಮ ಸಂಖ್ಯೆಯಾಗಿದ್ದರೆ ಮಾತ್ರ 2 ಉಪಯೋಗಕ್ಕಿಲ್ಲ, ಬೇರೆ ಅವಿಭಾಜ್ಯ ಸಂಖ್ಯೆ ತೆಗೆದುಕೊಳ್ಳಬೇಕು.

ಈ ದಾರಿ ನನಗೆ ಇಷ್ಟ, ಯಾಕೆಂದರೆ ಅದೇ ಕೆಲಸದಲ್ಲಿ ಒಂದು ಫೈನೈಟ್ ಫೀಲ್ಡ್ ಕೂಡ ಪುಕ್ಕಟೆ ಸಿಗುತ್ತದೆ. ಮಾಡ್ 2ರ ಬಹುಪದೋಕ್ತಿಗಳನ್ನೆಲ್ಲ x⁴ + x + 1ರಿಂದ ಭಾಗಿಸಿ ಶೇಷಗಳನ್ನು ಮಾತ್ರ ಇಟ್ಟುಕೊಳ್ಳಿ. ಶೇಷದ ಡಿಗ್ರಿ ಮೂರು ಮೀರುವುದಿಲ್ಲ. ನಾಲ್ಕು ಜಾಗ, ಪ್ರತಿ ಜಾಗದಲ್ಲಿ 0 ಅಥವಾ 1, ಒಟ್ಟು 16 ಶೇಷಗಳು. ಈ ಕೋಶೆಂಟ್‌ನಲ್ಲಿ xನ ಶೇಷವನ್ನು a ಎಂದು ಕರೆದರೆ a⁴ + a + 1 = 0. ಇಲ್ಲಿ ಕಳೆಯುವುದೂ ಕೂಡುವುದೂ ಒಂದೇ, ಹಾಗಾಗಿ a⁴ = a + 1. ಇದೊಂದು ನಿಯಮ ಗೊತ್ತಿದ್ದರೆ ಸಾಕು, ಉಳಿದದ್ದೆಲ್ಲ ಅದರಿಂದಲೇ ಬರುತ್ತದೆ.

ಘಾತಗಳ ಪಟ್ಟಿಯನ್ನು ನಾನು ಕೈಯಲ್ಲೇ ಬರೆಸುತ್ತೇನೆ. a⁵ = a² + a, a⁶ = a³ + a². a⁷ಕ್ಕೆ ಬರುವಾಗ a⁴ + a³ ಆಗುತ್ತದೆ, a⁴ ತೆಗೆದು a + 1 ಹಾಕಿದರೆ a³ + a + 1. ಹೀಗೆ ಹೋಗಿ a¹⁰ = a² + a + 1, a¹⁴ = a³ + 1. ಅದನ್ನು ಇನ್ನೊಮ್ಮೆ aಯಿಂದ ಗುಣಿಸಿದರೆ a⁴ + a, ಅಂದರೆ 1. a¹⁵ = 1 ಬರುವ ತನಕ ಸೊನ್ನೆ ಬಿಟ್ಟು ಉಳಿದ ಹದಿನೈದೂ ಒಂದೊಂದು ಸಲ ಬಂದಿರುತ್ತವೆ. ನಡುವೆ ಯಾವುದಾದರೂ ಎರಡು ಸಲ ಬಂದರೆ ಎಲ್ಲೋ ಕೂಡಿಸುವುದು ತಪ್ಪಿದೆ ಎಂದೇ ಅರ್ಥ.

ಪಟ್ಟಿ ಕೈಯಲ್ಲಿದ್ದರೆ ವಿಲೋಮ ಹುಡುಕುವುದು ಸುಲಭ. a² + a + 1ರ ವಿಲೋಮ ಬೇಕಾ? ಅದು a¹⁰. a¹⁵ = 1 ಆದ್ದರಿಂದ ವಿಲೋಮ a⁵, ಅಂದರೆ a² + a. ಗುಣಿಸಿ ನೋಡಿ, 1 ಬರುತ್ತದೆ.

ಈಗ ಬೇಕೆಂದೇ x⁴ + x + 1ರ ಬದಲು x⁴ + x² + 1 ಹಾಕಿಸುತ್ತೇನೆ. ಶೇಷಗಳು ಆಗಲೂ 16. ಕೂಡಿಸುವಾಗ ಏನೂ ವ್ಯತ್ಯಾಸ ಕಾಣುವುದಿಲ್ಲ. ಆದರೆ a² + a + 1ನ್ನು ಅದರಿಂದಲೇ ಗುಣಿಸಿದರೆ ಸೊನ್ನೆ! ಸೊನ್ನೆಯಲ್ಲದ್ದರ ವರ್ಗ ಸೊನ್ನೆಯಾದರೆ ಅದಕ್ಕೆ ವಿಲೋಮ ಇರಲಿಕ್ಕೆ ಸಾಧ್ಯವಿಲ್ಲ. ಇದು ಫೀಲ್ಡ್ ಅಲ್ಲ, ಬರೀ ರಿಂಗ್. ಬಹುಪದೋಕ್ತಿ ಒಡೆಯಬಾರದು ಎಂಬ ಷರತ್ತು ಯಾಕೆ ಎಂದು ಇಲ್ಲಿ ಕಣ್ಣಿಗೇ ಕಾಣುತ್ತದೆ.

x⁴ + x³ + x² + x + 1 ತೆಗೆದುಕೊಂಡರೆ ಬೇರೆ ಗೊಂದಲ. ಅದು ಮಾಡ್ 2ರಲ್ಲಿ ಒಡೆಯುವುದಿಲ್ಲ, ಫೀಲ್ಡ್ ಸರಿಯಾಗಿಯೇ ಸಿಗುತ್ತದೆ. ಆದರೆ a⁵ಕ್ಕೇ 1 ಬಂದುಬಿಡುತ್ತದೆ, ಪಟ್ಟಿ ಐದಕ್ಕೆ ನಿಲ್ಲುತ್ತದೆ. "ಟೀಚರ್, ಇದು ಫೀಲ್ಡ್ ಅಲ್ಲ" ಎಂದು ಕೆಲವರು ಗಡಿಬಿಡಿ ಮಾಡುತ್ತಾರೆ. ಫೀಲ್ಡೇ. aಯ ಘಾತಗಳು ಎಲ್ಲರನ್ನೂ ಮುಟ್ಟುವುದಿಲ್ಲ, ಅಷ್ಟೇ. a + 1ರ ಘಾತಗಳನ್ನು ಬರೆಯಿರಿ, ಹದಿನೈದೂ ಸಿಗುತ್ತವೆ.

ಇನ್ನು ಮಾಡ್ 2ರಲ್ಲಿ ಒಡೆದರೆ? ಆಗ ಏನನ್ನೂ ಹೇಳಬೇಡಿ. x⁴ + x + 2 ಮಾಡ್ 2ರಲ್ಲಿ x⁴ + x, ಅಂದರೆ x(x + 1)(x² + x + 1). ಚೂರುಚೂರು. ಅದನ್ನೇ ಮಾಡ್ 3ರಲ್ಲಿ ನೋಡಿದರೆ ಮೂಲ ಇಲ್ಲ. ಅಲ್ಲಿ ಒಡೆಯದ ವರ್ಗಗಳು x² + 1, x² + x + 2, x² + 2x + 2 ಮೂರೇ. ಕೊನೆಯ ಪದ 2 ಬರಬೇಕಾದರೆ x² + 1ನ್ನು ಉಳಿದೆರಡರಲ್ಲಿ ಒಂದರಿಂದ ಗುಣಿಸಬೇಕು, ಆಗ x³ ಪದ ಬಂದೇ ಬರುತ್ತದೆ. ನಮ್ಮದರಲ್ಲಿ x³ ಇಲ್ಲ. ಹಾಗಾಗಿ ಮಾಡ್ 3ರಲ್ಲಿ ಒಡೆಯುವುದಿಲ್ಲ, ಭಾಗಲಬ್ಧಗಳ ಮೇಲೂ ಒಡೆಯುವುದಿಲ್ಲ, ಮೇಲಿಂದ 81 ಸದಸ್ಯರ ಫೀಲ್ಡ್ ಒಂದು ಸಿಕ್ಕಿತು.

ಹಾಗಾದರೆ ಒಂದಲ್ಲ ಒಂದು ಅವಿಭಾಜ್ಯದಲ್ಲಿ ಕೆಲಸ ಆಗಿಯೇ ಆಗುತ್ತದೆ ಎಂದುಕೊಳ್ಳಬೇಡಿ. x⁴ + 1 ಅದಕ್ಕೆ ಜಗ್ಗುವುದಿಲ್ಲ. x ಇದ್ದಲ್ಲಿ x + 1 ಹಾಕಿದರೆ x⁴ + 4x³ + 6x² + 4x + 2 ಬರುತ್ತದೆ, ಐಸೆನ್‌ಸ್ಟೈನ್ ನಿಯಮಕ್ಕೆ 2 ಸರಿಯಾಗಿ ಕೂತು ಭಾಗಲಬ್ಧಗಳ ಮೇಲೆ ಇರೆಡ್ಯೂಸಿಬಲ್ ಎಂದು ತೀರ್ಮಾನ. ಆದರೆ ಪಾರಿ ಜಿಪಿ ಎಂಬ ಗಣಿತದ ಸಾಫ್ಟ್‌ವೇರ್‌ನಲ್ಲಿ ಹೀಗೆ ಹಾಕಿ ನೋಡಿ:

```
polisirreducible(x^4+1)
factormod(x^4+1, 7)
```

ಮೊದಲನೆಯದಕ್ಕೆ 1, ಅಂದರೆ ಹೌದು. ಎರಡನೆಯದರಲ್ಲಿ ಎರಡು ತುಂಡು. 7ರ ಜಾಗದಲ್ಲಿ ಯಾವ ಅವಿಭಾಜ್ಯ ಹಾಕಿದರೂ ಒಡೆಯುತ್ತದೆ. ಕಾರಣ ಸಣ್ಣದು. 2ರಲ್ಲಿ ಅದು (x + 1)⁴. ಬೆಸ ಅವಿಭಾಜ್ಯದಲ್ಲಿ ವರ್ಗವಲ್ಲದ ಎರಡನ್ನು ಗುಣಿಸಿದರೆ ವರ್ಗ ಬರುತ್ತದೆ, ಹಾಗಾಗಿ −1, 2, −2 ಈ ಮೂರರಲ್ಲಿ ಒಂದಾದರೂ ವರ್ಗವಾಗಿರಲೇಬೇಕು. −1 = c² ಆದರೆ (x² + c)(x² − c). 2 = c² ಆದರೆ (x² + cx + 1)(x² − cx + 1). −2 = c² ಆದರೆ (x² + cx − 1)(x² − cx − 1). ಮೂರೂ ಬಿಡಿಸಿದರೆ x⁴ + 1 ಆಗುತ್ತದೆ. ಮಾಡ್ 7ರಲ್ಲಿ 2 = 3², ಹಾಗಾಗಿ ಪರದೆಯಲ್ಲಿ ಬಂದದ್ದು ನಡುವಿನ ರೂಪ, c = 3 ಹಾಕಿದ್ದು.

ಆದ್ದರಿಂದ x⁴ + 1 ಇಟ್ಟುಕೊಂಡು 16, 81, 625 ಸದಸ್ಯರ ಯಾವ ಫೀಲ್ಡನ್ನೂ ಕಟ್ಟಲಿಕ್ಕೆ ಬರುವುದಿಲ್ಲ. ಮಾಡ್ 3ರಲ್ಲಿ ಅದರ ಒಂದು ತುಂಡು x² + x + 2 ತೆಗೆದುಕೊಂಡರೆ 9 ಸದಸ್ಯರದ್ದು ಕಟ್ಟಬಹುದು, ಅಲ್ಲಿ a⁸ = 1 ಬರುವ ತನಕ ಪಟ್ಟಿ ಪೂರ್ತಿ ಹೋಗುತ್ತದೆ.