ಕ್ಲೀನ್ ಕೊಡಬೇಕಾ, ಕ್ವಾಲಿಫೈ ಮಾಡಬೇಕಾ? ಆಡಿಟ್ ರಿಪೋರ್ಟಿನ ಅಭಿಪ್ರಾಯ ಆರಿಸುವುದು ಹೀಗೆ

ಸಿಎ ಓದುತ್ತಾ ತರಬೇತಿಗೆ ನಮ್ಮ ಆಫೀಸಿಗೆ ಬರುವ ಆರ್ಟಿಕಲ್ ಹುಡುಗರಿಗೆ ಆಡಿಟರ್ ಕೊಡಬಹುದಾದ ಅಭಿಪ್ರಾಯದ ನಾಲ್ಕು ಹೆಸರು ಬಾಯಿಪಾಠ ಇರುತ್ತದೆ. ಅನ್‌ಮಾಡಿಫೈಡ್ ಅಂದರೆ ಕ್ಲೀನ್, ಆಮೇಲೆ ಕ್ವಾಲಿಫೈಡ್, ಅಡ್ವರ್ಸ್, ಡಿಸ್‌ಕ್ಲೇಮರ್. ಪರೀಕ್ಷೆಯಲ್ಲಿ ಪಟ್ಟಿಯನ್ನೂ ಚೆನ್ನಾಗಿ ಬರೆಯುತ್ತಾರೆ. ಆದರೆ ನಿಜವಾದ ಫೈಲು ಕೈಗೆ ಕೊಟ್ಟು ‘ಇದಕ್ಕೆ ಯಾವುದಪ್ಪಾ?’ ಅಂದರೆ ಎಲ್ಲರದ್ದೂ ಒಂದೇ ಉತ್ತರ: ‘ಸರ್, ಕ್ವಾಲಿಫೈಡ್ ಹಾಕೋಣ.’ ನಡುವೆ ಇರುವುದನ್ನು ಹಿಡಿದರೆ ಸೇಫ್ ಅಂತ ಲೆಕ್ಕ. ಇನ್ನು ಮಾಲೀಕರಲ್ಲಿ ಕೆಲವರಿಗೆ ‘ಕ್ವಾಲಿಫೈಡ್’ ಅಂದ ಕೂಡಲೇ ಖುಷಿ, ಪಾಸಾದೆವು ಅಂದುಕೊಳ್ಳುತ್ತಾರೆ! ಅದರ ಅರ್ಥ ‘ಇಷ್ಟನ್ನು ಬಿಟ್ಟು ಉಳಿದದ್ದು ಸರಿ’ ಅಂತ.

ಸುಮ್ನೆ ಥಿಯರಿ ಬೇಡ. ಗಂಗಾವತಿ ಕಡೆ ಒಂದು ರೈಸ್ ಮಿಲ್ ಇದೆ ಅಂದುಕೊಳ್ಳಿ, ಪ್ರೈವೇಟ್ ಲಿಮಿಟೆಡ್ ಕಂಪನಿ. ಒಟ್ಟು ಆಸ್ತಿ 6 ಕೋಟಿ ರೂಪಾಯಿ, ಅದರಲ್ಲಿ ಭತ್ತ, ಅಕ್ಕಿಯ ಸ್ಟಾಕ್ 2.40 ಕೋಟಿ. ತೆರಿಗೆಗೆ ಮುಂಚಿನ ಲಾಭ 80 ಲಕ್ಷ. ಇದೇ ಸ್ಟಾಕನ್ನು ಇಟ್ಟುಕೊಂಡು ನಾಲ್ಕೂ ಅಭಿಪ್ರಾಯ ನೋಡೋಣ.

ಹಂತ 1: ಗೆರೆ ಎಳೆಯಿರಿ

ಎಷ್ಟು ದೊಡ್ಡ ತಪ್ಪಾದರೆ ಓದುವವರ ತೀರ್ಮಾನ ಬದಲಾಗುತ್ತದೆ ಅನ್ನುವುದಕ್ಕೆ ಒಂದು ಮೊತ್ತ ಬೇಕು. ಇದೇ ಮೆಟೀರಿಯಾಲಿಟಿ. ಲಾಭದಲ್ಲಿ ನಡೆಯುವ ಇಂಥ ಮಿಲ್ಲಿಗೆ ಲಾಭದ 5% ಹಿಡಿಯುವುದು ರೂಢಿ. ಅಂದರೆ 4 ಲಕ್ಷ. ಸ್ಟಾಕಿನ ದರದಲ್ಲಿ ಒಂದೂವರೆ ಲಕ್ಷದ ತಪ್ಪು ಸಿಕ್ಕಿತು, ಮಾಲೀಕರು ತಿದ್ದಲಿಲ್ಲ ಅನ್ನಿ, ಆಗಲೂ ಕ್ಲೀನ್ ರಿಪೋರ್ಟ್ ಕೊಡಬಹುದು. ಆದರೆ ಇಂಥ ಚಿಲ್ಲರೆ ತಪ್ಪುಗಳನ್ನೆಲ್ಲ ಒಂದು ಹಾಳೆಯಲ್ಲಿ ಕೂಡಿಸುತ್ತಾ ಹೋಗಿ. ಅಂಥವು ಮೂರು ಸೇರಿದರೆ ಗೆರೆ ದಾಟಿತು, ಅಲ್ವಾ?

ಕ್ಲೀನ್ ಅಂದರೆ ‘ಪೈಸೆ ಪೈಸೆಯೂ ಸರಿ’ ಅಂತಲ್ಲ, ಲೆಕ್ಕಪತ್ರಗಳಲ್ಲಿ ಗೆರೆ ದಾಟುವ ತಪ್ಪಿಲ್ಲ ಅಂತ ಆಡಿಟರಿಗೆ ಸಾಕಷ್ಟು ನಂಬಿಕೆ ಬಂದಿದೆ ಅಂತ. ಗ್ಯಾರಂಟಿಯಂತೂ ಅಲ್ಲವೇ ಅಲ್ಲ. ಸತ್ಯಂ ಕಂಪ್ಯೂಟರ್ಸ್‌ಗೆ ವರ್ಷವರ್ಷವೂ ಕ್ಲೀನ್ ರಿಪೋರ್ಟೇ ಸಿಗುತ್ತಿತ್ತು. 2009ರ ಜನವರಿಯಲ್ಲಿ ಅದರ ಅಧ್ಯಕ್ಷರೇ ಪತ್ರ ಬರೆದು, ಪುಸ್ತಕದಲ್ಲಿರುವ ನಗದು ಮತ್ತು ಬ್ಯಾಂಕ್ ಬಾಕಿಯಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಅಂದರು.

ಹಂತ 2: ತಪ್ಪಿದೆಯೋ, ಅಥವಾ ನೋಡಲು ಆಗಲಿಲ್ಲವೋ?

ಈ ಪ್ರಶ್ನೆಗೆ ಮೊದಲು ಉತ್ತರ ಬರೆದುಕೊಳ್ಳಿ. ಸಾಕ್ಷ್ಯ ಕೈಯಲ್ಲಿದೆ, ತಪ್ಪು ಕಾಣುತ್ತಿದೆ, ಮಾಲೀಕರು ತಿದ್ದಲು ಒಪ್ಪುತ್ತಿಲ್ಲ ಅಂದರೆ ಅದು ಕ್ವಾಲಿಫೈಡ್ ಅಥವಾ ಅಡ್ವರ್ಸ್ ದಾರಿ. ಸಾಕ್ಷ್ಯವೇ ಸಿಗಲಿಲ್ಲ, ಸರಿಯೋ ತಪ್ಪೋ ಗೊತ್ತಿಲ್ಲ ಅಂದರೆ ಅದು ಕ್ವಾಲಿಫೈಡ್ ಅಥವಾ ಡಿಸ್‌ಕ್ಲೇಮರ್ ದಾರಿ.

ಇಲ್ಲಿ ಎಡವುವವರು ಬಹಳ ಜನ, ಅದೂ ದಾಕ್ಷಿಣ್ಯಕ್ಕೆ. ಅಡ್ವರ್ಸ್ ಅಂದರೆ ‘ನಿಮ್ಮ ಲೆಕ್ಕ ಸರಿಯಿಲ್ಲ’ ಅಂತ ಮುಖಕ್ಕೆ ಹೇಳಿದಂತೆ. ಡಿಸ್‌ಕ್ಲೇಮರ್ ಅಂದರೆ ‘ನಾನೇನೂ ಹೇಳಲ್ಲ’ ಅಂದಂತೆ, ಸ್ವಲ್ಪ ಮೆತ್ತಗೆ ಕೇಳಿಸುತ್ತದೆ. ಹಾಗಾಗಿ ಹತ್ತು ವರ್ಷದ ಗಿರಾಕಿ ಬೇಜಾರಾಗದಿರಲಿ ಅಂತ ಡಿಸ್‌ಕ್ಲೇಮರ್ ಬರೆಯುತ್ತಾರೆ. ಮಾಡಬೇಡಿ. ತಪ್ಪು ಗೊತ್ತಿದ್ದ ಮೇಲೆ ‘ಗೊತ್ತಿಲ್ಲ’ ಅನ್ನುವುದು ಅಭಿಪ್ರಾಯ ಅಲ್ಲ, ಸುಳ್ಳು. ನಿಜವಾಗಿ ಡಿಸ್‌ಕ್ಲೇಮರ್ ಕೊಡುವಾಗಲೂ, ಕಣ್ಣಿಗೆ ಬಿದ್ದ ದೊಡ್ಡ ತಪ್ಪುಗಳನ್ನು ಕಾರಣದ ಪ್ಯಾರಾದಲ್ಲಿ ಬರೆಯಲೇಬೇಕು ಅಂತ ಆಡಿಟರುಗಳು ಪಾಲಿಸಬೇಕಾದ ಸ್ಟ್ಯಾಂಡರ್ಡ್ ಎಸ್‌ಎ 705 ಹೇಳುತ್ತದೆ.

ಹಂತ 3: ಎಷ್ಟು ದೂರ ಹಬ್ಬಿದೆ?

ಅಸಲಿ ಕಷ್ಟ ಇಲ್ಲಿದೆ. ಗೆರೆ ದಾಟಿದ ತಪ್ಪು ಒಂದು ಮೂಲೆಯಲ್ಲಿ ನಿಂತಿದೆಯೋ, ಇಡೀ ಲೆಕ್ಕಕ್ಕೆ ಹಬ್ಬಿದೆಯೋ? ಸ್ಟ್ಯಾಂಡರ್ಡಿನಲ್ಲಿ ಇದಕ್ಕೆ ‘ಪರ್ವೇಸಿವ್’ ಅನ್ನುವ ಪದ ಇದೆ. ಇದಕ್ಕೆ ಶೇಕಡಾವಾರು ಲೆಕ್ಕ ಏನೂ ಕೊಟ್ಟಿಲ್ಲ. ನಿಮ್ಮ ತಲೆ ಓಡಿಸಬೇಕು.

ಮೊದಲು ಸುಲಭದ್ದು. ಮಿಲ್ಲಿನ ಒಂದು ಗೋಡೌನಿನ ತಗಡು ತೂತಾಗಿ ಮಳೆ ನೀರು ಇಳಿದು 50 ಕಿಲೋದ 800 ಚೀಲ ಅಕ್ಕಿ ಮುಗ್ಗು ಹಿಡಿದಿದೆ. ಪುಸ್ತಕದಲ್ಲಿ ಇನ್ನೂ ಕೊಂಡ ಬೆಲೆ, ಕಿಲೋಗೆ 50 ರೂಪಾಯಿಯಂತೆ 20 ಲಕ್ಷ ಇದೆ. ಆ ಅಕ್ಕಿ ಈಗ ಕೋಳಿ ಆಹಾರಕ್ಕೆ ಹೋದರೆ ಕಿಲೋಗೆ 20, ಅಂದರೆ 8 ಲಕ್ಷ. ಸ್ಟಾಕನ್ನು ಕೊಂಡ ಬೆಲೆ ಅಥವಾ ಮಾರಿದರೆ ಕೈಗೆ ಬರುವ ಬೆಲೆ, ಎರಡರಲ್ಲಿ ಕಡಿಮೆಯದ್ದಕ್ಕೆ ತೋರಿಸಬೇಕು. ಇಲ್ಲಿ 12 ಲಕ್ಷ ಜಾಸ್ತಿ ತೋರಿಸಿದ್ದಾರೆ. ಮಾಲೀಕರು ‘ಬಿಸಿಲಿಗೆ ಹಾಕಿದ್ರೆ ಸರಿಹೋಗುತ್ತೆ ಬಿಡಿ ಸರ್’ ಅಂತ ತಿದ್ದಲಿಲ್ಲ. 12 ಲಕ್ಷ ನಮ್ಮ 4 ಲಕ್ಷದ ಗೆರೆ ದಾಟಿದೆ. ಆದರೆ ಓದುವವರು ಸ್ಟಾಕಿನಲ್ಲಿ 12 ಕಳೆದು, ಲಾಭ 80ರ ಬದಲು 68 ಅಂದುಕೊಂಡರೆ ಉಳಿದ ಲೆಕ್ಕವನ್ನು ನಂಬಬಹುದು. ಇದು ಕ್ವಾಲಿಫೈಡ್.

ನಾನು ಹುಡುಗರಿಗೆ ಹೇಳಿಕೊಡುವುದು ಇದನ್ನೇ: ಒಂದು ಸಂಖ್ಯೆ ಕಳೆದ ಮೇಲೂ ಬ್ಯಾಲೆನ್ಸ್ ಶೀಟ್ ಉಪಯೋಗಕ್ಕೆ ಬರುತ್ತದಾ? ಬರುತ್ತದೆ ಅಂದರೆ ಕ್ವಾಲಿಫೈಡ್‌ನಲ್ಲೇ ನಿಲ್ಲಿ.

ಈಗ ಕಷ್ಟದ್ದು. ಮಿಲ್ಲಿನವರು ಇಡೀ ಸ್ಟಾಕನ್ನೇ ಮುಂದೆ ಮಾರಬೇಕೆಂದಿರುವ ದರದಲ್ಲಿ ಹಾಕಿದ್ದಾರೆ. ಖರೀದಿ ಬಿಲ್ಲು ಹಿಡಿದು ಲೆಕ್ಕ ಹಾಕಿದರೆ 2.40 ಕೋಟಿಯಲ್ಲಿ 1.10 ಕೋಟಿ ಗಾಳಿ. ಆರ್ಟಿಕಲ್ ಹುಡುಗ ಹೇಳುವುದು ಏನು ಗೊತ್ತಾ? ‘ಸರ್, ತಪ್ಪು ಸ್ಟಾಕ್ ಅನ್ನೋ ಒಂದೇ ಸಾಲಿನಲ್ಲಿದೆ, ಹಬ್ಬಿಲ್ಲ. ಹಾಗಾಗಿ ಕ್ವಾಲಿಫೈಡ್.’ ಹಬ್ಬುವುದು ಅಂದರೆ ಹತ್ತು ಸಾಲಿನಲ್ಲಿ ತಪ್ಪಿರಬೇಕು ಅಂತ ಅವನ ಲೆಕ್ಕ. ಇದು ನಾನು ಅತಿ ಹೆಚ್ಚು ನೋಡಿರುವ ತಪ್ಪು. ಒಂದೇ ಸಾಲಿಗೆ ಸೀಮಿತವಾದರೂ, ಅದು ಲೆಕ್ಕಪತ್ರದ ದೊಡ್ಡ ಪಾಲನ್ನು ನುಂಗಿದ್ದರೆ ಹಬ್ಬಿದಂತೆಯೇ. ಇಲ್ಲಿ ನೋಡಿ: 80 ಲಕ್ಷ ಲಾಭ ಅನ್ನುವುದು 30 ಲಕ್ಷ ನಷ್ಟವಾಗುತ್ತದೆ, 6 ಕೋಟಿ ಆಸ್ತಿ 4.90 ಕೋಟಿಗೆ ಇಳಿಯುತ್ತದೆ. ಬ್ಯಾಂಕಿನವರು ಸಿಸಿ ಸಾಲದಲ್ಲಿ ಎಷ್ಟು ತೆಗೆಯಲು ಬಿಡಬೇಕು ಅಂತ ಲೆಕ್ಕ ಹಾಕುವುದೂ ಇದೇ ಸ್ಟಾಕಿನ ಮೇಲೆ. ಲಾಭ ಮಾಡುವ ಮಿಲ್ಲು, ನಷ್ಟದ ಮಿಲ್ಲು, ಎರಡೂ ಬೇರೆ ಬೇರೆ ಕಥೆ. ಇದಕ್ಕೆ ‘ಇಷ್ಟನ್ನು ಬಿಟ್ಟು ಉಳಿದದ್ದು ಸರಿ’ ಅಂತ ಬರೆಯಲು ಬರುವುದಿಲ್ಲ. ಅಡ್ವರ್ಸ್ ಕೊಡಬೇಕು.

ತಪ್ಪು ಸಂಖ್ಯೆಯಲ್ಲಿರದೆ, ಹೇಳದೆ ಬಿಟ್ಟ ಮಾತಿನಲ್ಲೂ ಇರಬಹುದು. ಬ್ಯಾಂಕು ಪೂರ್ತಿ ಸಾಲ ವಾಪಸ್ ಕೇಳಿದೆ, ಕಟ್ಟದಿದ್ದರೆ ಮಿಲ್ಲು ನಡೆಯುವುದೇ ಅನುಮಾನ, ಆದರೆ ನೋಟ್ಸಿನಲ್ಲಿ ಒಂದಕ್ಷರ ಇಲ್ಲ ಅನ್ನಿ. ಸಂಖ್ಯೆಗಳೆಲ್ಲ ಸರಿಯಿದ್ದರೂ ಅಡ್ವರ್ಸ್ ತನಕ ಹೋಗಬಹುದು. ಅದನ್ನೇ ಕಂಪನಿ ನೋಟ್ಸಿನಲ್ಲಿ ಬಿಚ್ಚಿ ಹೇಳಿದ್ದರೆ ಅಭಿಪ್ರಾಯ ಕ್ಲೀನ್ ಆಗೇ ಉಳಿಯುತ್ತದೆ, ಗೋಯಿಂಗ್ ಕನ್ಸರ್ನ್, ಅಂದರೆ ವ್ಯವಹಾರ ಮುಂದೆ ನಡೆಯುತ್ತದೋ ಇಲ್ಲವೋ ಅನ್ನುವುದರ ಬಗ್ಗೆ ಬೇರೆ ತಲೆಬರಹದಡಿ ಒಂದು ಪ್ಯಾರಾ ಸೇರುತ್ತದೆ ಅಷ್ಟೆ.

ಹಂತ 4: ನೋಡಲು ಆಗದಿದ್ದರೆ, ಬೇರೆ ದಾರಿ ಹುಡುಕಿದ ಮೇಲೆ ಮಾತಾಡಿ

ಪಕ್ಕದೂರಿನ ಗೋಡೌನಿನಲ್ಲಿ 30 ಲಕ್ಷದ ಭತ್ತ ಇದೆಯಂತೆ. ಎಣಿಸಲು ಆಗಲಿಲ್ಲ, ಗೋಡೌನಿನವರಿಂದ ಪತ್ರವೂ ಬರಲಿಲ್ಲ. 6 ಕೋಟಿಯಲ್ಲಿ 30 ಲಕ್ಷ, ಅದೂ ಒಂದು ಜಾಗದ್ದು. ಕ್ವಾಲಿಫೈಡ್ ಸಾಕು.

ಮಾಲೀಕರೇ ‘ಅಲ್ಲಿಗೆ ಹೋಗಬೇಡಿ’ ಅಂದರೆ ವಿಷಯ ಬೇರೆ. ಅಡ್ಡಿ ತೆಗೆಯಿರಿ ಅಂತ ಲಿಖಿತವಾಗಿ ಕೇಳಿ, ಡೈರೆಕ್ಟರುಗಳಿಗೆ ತಿಳಿಸಿ. ಆಗಲೂ ಒಪ್ಪದೆ, ವಿಷಯ ಇಡೀ ಲೆಕ್ಕಕ್ಕೆ ತಾಗುವಷ್ಟು ದೊಡ್ಡದಾಗಿದ್ದರೆ, ಸಾಧ್ಯವಿದ್ದಾಗ ಆಡಿಟ್‌ನಿಂದಲೇ ಹೊರಬರಬೇಕು. ಆಗದಿದ್ದರೆ ಮಾತ್ರ ಡಿಸ್‌ಕ್ಲೇಮರ್.

ಇನ್ನೊಂದು ಪರಿಸ್ಥಿತಿ. ನಿಮ್ಮನ್ನು ಆಡಿಟರ್ ಮಾಡಿದ್ದೇ ಜುಲೈನಲ್ಲಿ, ಮಾರ್ಚ್ 31ರ ಸ್ಟಾಕನ್ನು ಯಾರೂ ಎಣಿಸಿಲ್ಲ. ಇಷ್ಟಕ್ಕೇ ಡಿಸ್‌ಕ್ಲೇಮರ್ ಬರೆದು ಮನೆಗೆ ಹೋಗುವುದು ಸೋಮಾರಿತನ. ಈಗ ಎಣಿಸಿ. ಏಪ್ರಿಲಿನಿಂದ ಮಾರಿದ್ದನ್ನು ಕೂಡಿಸಿ, ಕೊಂಡದ್ದನ್ನು ಕಳೆಯಿರಿ. ಮಿಲ್ಲಾದ ಭತ್ತವನ್ನು ಅಕ್ಕಿಯ ಲೆಕ್ಕಕ್ಕೆ ತಿರುಗಿಸಲು ಇಳುವರಿ ನೋಡಿ. ಸರ್ಕಾರಕ್ಕೆ ಮಿಲ್ಲಿಂಗ್ ಮಾಡಿಕೊಡುವ ಲೆಕ್ಕದಲ್ಲಿ 100 ಕ್ವಿಂಟಲ್ ಭತ್ತಕ್ಕೆ 67 ಕ್ವಿಂಟಲ್ ಹಸಿ ಅಕ್ಕಿ ಬರಬೇಕು. ಇವರ ಪುಸ್ತಕದಲ್ಲಿ 80 ಬಂದಿದ್ದರೆ ಏನೋ ಎಡವಟ್ಟಾಗಿದೆ. ಹೀಗೆ ಹಿಂದಕ್ಕೆ ಹೋಗಿ ಮಾರ್ಚ್ 31ರ ಅಂಕಿ ಮುಟ್ಟಿದರೆ ಕ್ಲೀನ್ ಕೊಡಲೂ ಸಾಧ್ಯ.

ಆದರೆ ಸ್ಟಾಕ್ ರಿಜಿಸ್ಟರ್ ಇಲ್ಲ, ಕಂಪ್ಯೂಟರ್ ಕೆಟ್ಟು ಬ್ಯಾಕಪ್ಪೂ ಇಲ್ಲ, ಖರೀದಿ ಬಿಲ್ಲಿನ ಕಟ್ಟು ಕಾಣೆ, ಬಾಕಿದಾರರಲ್ಲಿ ಒಬ್ಬರೂ ಉತ್ತರಿಸಲಿಲ್ಲ ಅಂದರೆ ಹಿಂದಕ್ಕೆ ಹೋಗಲು ದಾರಿಯೇ ಇಲ್ಲ. ಸ್ಟಾಕ್, ಖರೀದಿ, ಲಾಭ, ಬರಬೇಕಾದ ಬಾಕಿ ಎಲ್ಲವೂ ಅನುಮಾನ. ಡಿಸ್‌ಕ್ಲೇಮರ್ ಇರುವುದು ಇದಕ್ಕೆ.

ಹಂತ 5: ಬರೆಯಿರಿ

ಅಭಿಪ್ರಾಯ ಮೊದಲು, ಅದರ ಕಾರಣ ಕೆಳಗೆ, ಎರಡರ ತಲೆಬರಹದಲ್ಲೂ ಅಭಿಪ್ರಾಯದ ಹೆಸರು. ತಪ್ಪಿನ ಮೊತ್ತ ಗೊತ್ತಿದ್ದರೆ ಬರೆಯಿರಿ. ‘ಸ್ಟಾಕ್ 12 ಲಕ್ಷ ಜಾಸ್ತಿ, ಲಾಭ 12 ಲಕ್ಷ ಜಾಸ್ತಿ’ ಅಂದರೆ ಓದುವವರಿಗೆ ಕೆಲಸಕ್ಕೆ ಬರುತ್ತದೆ. ಮುಗ್ಗು ಅಕ್ಕಿಗೆ ‘ಪರಿಣಾಮವನ್ನು ಹೊರತುಪಡಿಸಿ’, ಎಣಿಸದ ಗೋಡೌನಿಗೆ ‘ಆಗಬಹುದಾದ ಪರಿಣಾಮವನ್ನು ಹೊರತುಪಡಿಸಿ’. ಎರಡೂ ಕ್ವಾಲಿಫೈಡೇ, ಆದರೆ ‘ಆಗಬಹುದಾದ’ ಅನ್ನುವ ಒಂದು ಪದ ಹಂತ 2ರ ಉತ್ತರವನ್ನು ಹೇಳಿಬಿಡುತ್ತದೆ.

‘ಸಬ್ಜೆಕ್ಟ್ ಟು’ ಅಂತ ಬರೆಯುವ ಹಳೇ ಚಾಳಿ ಬಿಡಿ, ಅದು ಅಸ್ಪಷ್ಟ ಅಂತ ಸ್ಟ್ಯಾಂಡರ್ಡೇ ಹೇಳಿದೆ. ನೋಟ್ಸಿನ ಮೂಲೆಯಲ್ಲಿ ‘ಬಾಕಿಗಳು ದೃಢೀಕರಣಕ್ಕೆ ಒಳಪಟ್ಟಿವೆ’ ಅಂತ ಒಂದು ಸಾಲು ತುರುಕಿ ಕೈತೊಳೆದುಕೊಳ್ಳುವುದೂ ಹಾಗೇ. ದೃಢೀಕರಣ ಸಿಗದೆ ನಿಮಗೆ ಅನುಮಾನ ಉಳಿದಿದ್ದರೆ ಅಭಿಪ್ರಾಯ ಬದಲಾಗಬೇಕು, ಉಳಿದಿಲ್ಲದಿದ್ದರೆ ಆ ಸಾಲೇ ಬೇಡ. ಕ್ವಾಲಿಫೈ ಮಾಡಬೇಕಾದ್ದನ್ನು ‘ಎಂಫಸಿಸ್ ಆಫ್ ಮ್ಯಾಟರ್’ ಪ್ಯಾರಾಕ್ಕೆ ಸಾಗಿಸುವುದು ಇನ್ನೊಂದು ಕಳ್ಳದಾರಿ. ಆ ಪ್ಯಾರಾ ಇರುವುದು ನೋಟ್ಸಿನಲ್ಲಿ ಸರಿಯಾಗಿ ಹೇಳಿರುವ ವಿಷಯದ ಕಡೆ ಬೆರಳು ತೋರಿಸಲಿಕ್ಕೆ ಮಾತ್ರ.

ವಾಟ್ಸಾಪ್ ಗುಂಪಿನಲ್ಲಿ ಓಡಾಡುವ ರೆಡಿಮೇಡ್ ಫಾರ್ಮ್ಯಾಟುಗಳನ್ನಂತೂ ನಂಬಲೇಬೇಡಿ. ಹೋದ ವರ್ಷದ ಕ್ಲೀನ್ ರಿಪೋರ್ಟನ್ನು ಕಾಪಿ ಮಾಡಿ ತಲೆಬರಹ ಬದಲಿಸುವುದೂ ಅಷ್ಟೇ ಅಪಾಯ. ಒಮ್ಮೆ ನನ್ನ ಮೇಜಿಗೆ ಸಹಿಗೆ ಬಂದ ಡಿಸ್‌ಕ್ಲೇಮರಿನಲ್ಲಿ ಮೇಲೆ ‘ನಾವು ಅಭಿಪ್ರಾಯ ಕೊಡುತ್ತಿಲ್ಲ’ ಅಂತಿತ್ತು, ಕೆಳಗೆ ‘ನಮಗೆ ಸಿಕ್ಕ ಸಾಕ್ಷ್ಯ ಅಭಿಪ್ರಾಯ ಕೊಡಲು ಸಾಕಷ್ಟಿದೆ’ ಅಂತಲೂ ಇತ್ತು. ಮುಂದಿನ ಪುಟದಲ್ಲಿ ‘ಕೇಳಿದ ಮಾಹಿತಿ, ವಿವರಣೆ ಎಲ್ಲವನ್ನೂ ಪಡೆದಿದ್ದೇವೆ’ ಅನ್ನುವ ಕಂಪನಿ ಕಾಯ್ದೆಯ ಮಾಮೂಲಿ ಸಾಲೂ ಹಾಗೇ ಕೂತಿತ್ತು. ಮಾಡಿದ ಹುಡುಗನನ್ನು ಕರೆದು ಕೇಳಿದರೆ, ‘ಸರ್, ಅದು ಪ್ರತಿ ವರ್ಷ ಇರುತ್ತಲ್ಲ’ ಅಂದ.